ಸ್ಟ್ರೀಕ್ ತಪ್ಪಿದರೆ ಯಾವ ನಿಯಮ? ಒಂದೇ ತಿಂಗಳ ದಾಖಲೆಯನ್ನು ಐದು ರೀತಿ ಎಣಿಸಿ ನೋಡೋಣ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ದೊಡ್ಡ ದಿನಗಳು. ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರಾದಾಗ ಅಲ್ಲಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಆ ಎರಡು ದಿನ ಸಂಜೆ ಅನ್ನೋದೇ ಇರಲ್ಲ. ರೇಟು ಗೊತ್ತಾಗಬೇಕು, ಚೀಲ ತೂಗಬೇಕು, ಪಟ್ಟಿ ಬರೆಯಬೇಕು, ದೂರದಿಂದ ಬಂದ ರೈತರ ಹಣದ ಲೆಕ್ಕ ಮುಗಿಸಬೇಕು. ನಮ್ಮ ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ, ಮಾಡೋದು ಇದೇ ಕೆಲಸ. ಶುಗರ್ ಇದೆ. ಸಂಜೆ 30 ನಿಮಿಷ ನಡೆಯಲು ಡಾಕ್ಟರು ಹೇಳಿದ್ದಾರೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ದಿನಾ ಟಿಕ್ ಮಾಡುತ್ತಿದ್ದರು. ಹೀಗೆ ಬಿಡದೆ ಮಾಡಿದ ದಿನಗಳ ಎಣಿಕೆಗೇ ಸ್ಟ್ರೀಕ್ ಅನ್ನುತ್ತಾರೆ. 24 ದಿನ ಬಿಡದೆ ನಡೆದರು. ಅಷ್ಟರಲ್ಲಿ ಸೀಜನ್ ಬಂತು, ಒಂದು ಸೋಮವಾರ ತಪ್ಪಿತು, ಆ್ಯಪ್ 0 ತೋರಿಸಿತು.

"ಮತ್ತ ಒಂದರಿಂದ ಶುರು ಮಾಡೂದಾ? ಬಿಡು ಅತ್ಲಾಗ" ಅಂದರು.

ಈ "ಬಿಡು ಅತ್ಲಾಗ" ಅನ್ನುವ ಮನಸ್ಥಿತಿಯನ್ನು ಮನಶ್ಶಾಸ್ತ್ರದವರು ಚೆನ್ನಾಗಿ ನೋಡಿದ್ದಾರೆ. ಕುಡಿತ ಬಿಟ್ಟವರ ಜೊತೆ ಕೆಲಸ ಮಾಡಿದ ಅಲನ್ ಮಾರ್ಲಾಟ್ ಹೇಳಿದ್ದು ಇದು: ಒಂದು ಸಲ ಜಾರಿದ್ದಕ್ಕಿಂತ, ಜಾರಿದ ಮೇಲೆ "ನಾನೇ ಸರಿಯಿಲ್ಲ" ಅಂದುಕೊಳ್ಳುವುದು ಮನುಷ್ಯನನ್ನು ಪೂರ್ತಿ ಹಳೇ ದಾರಿಗೆ ಎಳೆಯುತ್ತದೆ. ಇನ್ನೊಂದು ಕಡೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಒಂದು ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿಯುವ ಕಾಲದ ಮಧ್ಯದ ಅಂದಾಜು 66 ದಿನ. ಒಬ್ಬೊಬ್ಬರಿಗೆ ಒಂದೊಂದು: 18ರಿಂದ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಆ ಪ್ರಗತಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಅಂದರೆ ಅಣ್ಣನ 24 ದಿನದ ನಡಿಗೆ ಎಲ್ಲೂ ಹೋಗಿರಲಿಲ್ಲ. 0 ಆಗಿದ್ದು ಪರದೆಯ ಮೇಲಿನ ಸಂಖ್ಯೆ ಮಾತ್ರ.

ಹಾಗಾದರೆ ಆ ಸಂಖ್ಯೆಯನ್ನು ಯಾವ ನಿಯಮದಿಂದ ಎಣಿಸಬೇಕು? ಆ್ಯಪ್‌ಗಳಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಜನ ಬಳಸುವ ಐದು ನಿಯಮಗಳನ್ನು ಒಂದೇ ದಾಖಲೆಯ ಮೇಲೆ ಇಟ್ಟು ನೋಡೋಣ. 24 ದಿನದ ನಂತರದ ನಾಲ್ಕು ವಾರ ಹೀಗಿತ್ತು:

```
         ಸೋ  ಮಂ  ಬು  ಗು  ಶು  ಶ   ಭಾ
ವಾರ 1    ✗   ✓   ✓   ✗   ✓   ✓   ✓
ವಾರ 2    ✗   ✓   ✓   ✗   ✓   ✗   ✓
ವಾರ 3    ✗   ✗   ✗   ✗   ✗   ✓   ✓
ವಾರ 4    ✗   ✓   ✓   ✗   ✓   ✓   ✓
```

ಸೋಮವಾರ, ಗುರುವಾರ ಮಾರುಕಟ್ಟೆ. ಎರಡನೇ ವಾರದ ಶನಿವಾರ ಹಾವೇರಿಯಲ್ಲಿ ಸಂಬಂಧಿಕರ ಮದುವೆ. ಮೂರನೇ ವಾರ ಜ್ವರ, ಅಂಗಡಿಗೂ ಹೋಗಿರಲಿಲ್ಲ. ಒಟ್ಟು 28 ದಿನದಲ್ಲಿ 16 ದಿನ ನಡಿಗೆ.

ತಪ್ಪಿದರೆ ಸೊನ್ನೆ

ಹೆಚ್ಚಿನ ಆ್ಯಪ್‌ಗಳ ಮೂಲ ನಿಯಮ ಇದು. ಈ ತಿಂಗಳಲ್ಲಿ ಅಣ್ಣನ ಲೆಕ್ಕ 8 ಸಲ ಸೊನ್ನೆಗೆ ಬೀಳುತ್ತದೆ. ಕೊನೆಯ ಭಾನುವಾರ ಪರದೆಯ ಮೇಲೆ ಉಳಿಯೋದು 3. ಜ್ವರದಲ್ಲಿ ಮಲಗಿದ ವಾರಕ್ಕೂ, ಐದು ದಿನ ನಡೆದ ವಾರಕ್ಕೂ ಇದು ಕೊಡುವ ಶಿಕ್ಷೆ ಒಂದೇ. ಸೀಜನ್‌ನಲ್ಲಿ ಸ್ಟ್ರೀಕ್ 3 ದಾಟುವುದೇ ಇಲ್ಲ, ಯಾಕೆಂದರೆ ಮಾರುಕಟ್ಟೆ ಅದಕ್ಕೆ ಬಿಡಲ್ಲ. ದಿನವೂ ಸಮಯ ನಿಮ್ಮ ಕೈಯಲ್ಲೇ ಇದ್ದು, ಮಾಡಬೇಕಾದ ಕೆಲಸ ಎರಡು ನಿಮಿಷದ್ದಾಗಿದ್ದರೆ ಮಾತ್ರ ಈ ನಿಯಮ ಸರಿ. ಅಂಥವರಿಗೆ ನಿಜವಾಗಿಯೂ ಕೆಲಸ ಮಾಡುತ್ತದೆ.

ಮೀಸಲು ದಿನ

ಭಾಷೆ ಕಲಿಸುವ ಡುಯೋಲಿಂಗೊ ಆ್ಯಪ್ ಬಳಸಿದವರಿಗೆ "ಸ್ಟ್ರೀಕ್ ಫ್ರೀಜ್" ಗೊತ್ತಿರುತ್ತದೆ. ಮೊದಲೇ ಒಂದೆರಡು ದಿನ ಎತ್ತಿಟ್ಟುಕೊಂಡಿರುತ್ತೀರಿ. ತಪ್ಪಿದ ದಿನ ಅದು ಖರ್ಚಾಗುತ್ತದೆ, ಲೆಕ್ಕ ಅಲ್ಲೇ ನಿಲ್ಲುತ್ತದೆ, ಬೀಳುವುದಿಲ್ಲ.

ಇದು ಬರೀ ಆ್ಯಪ್‌ನವರ ಆಟ ಅಂದುಕೊಳ್ಳಬೇಡಿ. ಮರಿಸ್ಸಾ ಶರೀಫ್ ಮತ್ತು ಸುಝಾನ್ ಶೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ದಿನಾ ಮಾಡುವ ಒಂದು ಬೇಸರದ ಕೆಲಸ ಕೊಟ್ಟು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಾರದ 7 ದಿನವೂ ಮಾಡಬೇಕೆಂಬ ಗುರಿ, ಇನ್ನೊಂದಕ್ಕೆ 5 ದಿನ, ಮೂರನೆಯದಕ್ಕೆ 7 ದಿನದ ಗುರಿ ಆದರೆ ಎರಡು ದಿನ ಮೀಸಲು. ಎರಡನೆಯ ಮತ್ತು ಮೂರನೆಯ ಗುಂಪಿಗೆ ಗೆಲ್ಲಲು ಬೇಕಾದದ್ದು ಒಂದೇ, ಐದು ದಿನದ ಕೆಲಸ. ಆದರೂ ಮೀಸಲು ಇದ್ದ ಗುಂಪಿನಲ್ಲಿ 53% ಜನ ಗುರಿ ಮುಟ್ಟಿದರೆ, 5 ದಿನದ ಗುಂಪಿನಲ್ಲಿ ಮುಟ್ಟಿದ್ದು 26% ಮಾತ್ರ. 7 ದಿನದ ಗುಂಪಿನಲ್ಲಿ 21%. ಮೀಸಲು ಇದ್ದರೆ ಜನ ಅದನ್ನು ಸುಮ್ನೆ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತಾರೆ. ಖರ್ಚಾದರೂ ಸೋತೆವು ಅನ್ನಿಸಲ್ಲ.

ಆದರೆ ಅಣ್ಣನ ದಾಖಲೆಯ ಮೇಲೆ ಇಟ್ಟರೆ ಬೇರೆ ಸಂಗತಿ ಕಾಣುತ್ತದೆ. ತಿಂಗಳಿಗೆ ಎರಡು ಮೀಸಲು ಇಟ್ಟರೆ ಎರಡೂ ಮೊದಲ ವಾರದ ಸೋಮವಾರ, ಗುರುವಾರಕ್ಕೇ ಮುಗಿದವು. ಮುಂದಿನ ಸೋಮವಾರ ಲೆಕ್ಕ ಬಿತ್ತು. ವಾರಕ್ಕೆ ಎರಡು ಇಟ್ಟರೂ ಅವು ಪ್ರತಿ ವಾರ ಮಾರುಕಟ್ಟೆಯ ಪಾಲು. ಎರಡನೇ ವಾರದ ಶನಿವಾರ ಮದುವೆ ಬಂದಾಗ ಕೈ ಖಾಲಿ, 32ಕ್ಕೆ ಏರಿದ್ದ ಲೆಕ್ಕ ಮತ್ತೆ ಸೊನ್ನೆ. ಮೀಸಲು ದಿನ ಇರೋದು ಆಕಸ್ಮಿಕಕ್ಕೆ. ಅದನ್ನು ಮೊದಲೇ ಗೊತ್ತಿರುವ ಗೈರಿಗೆ ಖರ್ಚು ಮಾಡಿದರೆ ಆಕಸ್ಮಿಕಕ್ಕೆ ಏನೂ ಉಳಿಯಲ್ಲ. ಮೀಸಲು ನಿಯಮ ಸೋತಿತು ಅನ್ನುವ ಬಹಳಷ್ಟು ಕಡೆ ಆಗಿರೋದು ಇದೇ ಅಂತ ನನ್ನ ಅನಿಸಿಕೆ.

ವಾರದ ಗುರಿ

ದಿನದ ಬದಲು ವಾರವನ್ನು ಎಣಿಸುವುದು. ವಾರಕ್ಕೆ 5 ದಿನ ಅಂತ ಇಟ್ಟರೆ ಅಣ್ಣನ ಮೊದಲ ಮತ್ತು ನಾಲ್ಕನೇ ವಾರ ಪಾಸು. 4 ದಿನ ಅಂತ ಇಟ್ಟರೆ ಜ್ವರದ ವಾರ ಬಿಟ್ಟು ಮೂರೂ ಪಾಸು. ಯಾವ ದಿನ ತಪ್ಪಿತು ಅನ್ನುವ ಕಿರಿಕಿರಿ ಇಲ್ಲ. ಪಾಳಿಯಲ್ಲಿ ದುಡಿಯುವವರಿಗೆ, ಬಸ್ಸಿನ ಕಂಡಕ್ಟರ್‌ಗಳಿಗೆ, ಆಸ್ಪತ್ರೆಯ ನರ್ಸ್‌ಗಳಿಗೆ ನಾನು ಹೇಳೋದು ಇದನ್ನೇ. ಅವರ ಗೈರಿಗೆ ಇಂಥದ್ದೇ ದಿನ ಅಂತ ಇರಲ್ಲ.

ತೊಂದರೆ ಎರಡು. ಒಂದು, ಸೋಮವಾರದಿಂದ ಬುಧವಾರದವರೆಗೆ "ಇನ್ನೂ ದಿನ ಅದಾವಲ್ಲ" ಅಂತ ಮುಂದೂಡೋದು. ಮೇಲೆ ಹೇಳಿದ ಪ್ರಯೋಗದಲ್ಲಿ 5 ದಿನದ ಗುಂಪು ಹಿಂದೆ ಬಿದ್ದಿದ್ದನ್ನು ಇಲ್ಲಿ ನೆನಪಿಡಬೇಕು. ಎರಡು, ವಾರದ ಗುರಿ ಹೋಯಿತು ಅಂತ ಗೊತ್ತಾದ ಕ್ಷಣ ಉಳಿದ ದಿನಗಳಿಗೆ ಬೆಲೆ ಇರಲ್ಲ. ಜ್ವರ ಬಿಟ್ಟ ಶನಿವಾರ, ಭಾನುವಾರ ಅಣ್ಣ ನಡೆದರು. ಆದರೆ ವಾರದ ನಿಯಮದ ಕಣ್ಣಲ್ಲಿ ಆ ಎರಡು ನಡಿಗೆ ಲೆಕ್ಕಕ್ಕೇ ಇಲ್ಲ. ಕಾಯಿಲೆಯಿಂದ ಎದ್ದವರಿಗೆ ಅತ್ಯಂತ ಮುಖ್ಯವಾದ ಎರಡು ನಡಿಗೆ ಅವೇ ಅಲ್ವಾ?

ಸತತ ಎರಡು ದಿನ ತಪ್ಪಬಾರದು

ಸರಳ, ಬಾಯಲ್ಲೇ ನೆನಪಿಡಬಹುದು. ಒಂದು ದಿನ ಹೋದರೆ ಹೋಗಲಿ, ಮರುದಿನ ಬಿಡಬೇಡ. ಅಣ್ಣನ ದಾಖಲೆಯಲ್ಲಿ ಇದು ಮುರಿಯೋದು ಮೂರನೇ ವಾರದ ಮಂಗಳವಾರ, ಜ್ವರದಲ್ಲಿ. ಮಾರುಕಟ್ಟೆ ದಿನಗಳನ್ನೂ ಮದುವೆಯನ್ನೂ ಇದು ಚೆನ್ನಾಗಿ ನುಂಗಿಕೊಳ್ಳುತ್ತದೆ.

ಆದರೆ ಎರಡನೇ ವಾರದ ಗುರುವಾರದಿಂದ ಮುಂದಿನ ಸೋಮವಾರದವರೆಗೆ ನೋಡಿ: ತಪ್ಪು, ಸರಿ, ತಪ್ಪು, ಸರಿ, ತಪ್ಪು. ಐದು ದಿನದಲ್ಲಿ ಮೂರು ದಿನ ನಡೆದಿಲ್ಲ, ನಿಯಮ ಬಾಯಿ ಬಿಡಲಿಲ್ಲ. ದಿನ ಬಿಟ್ಟು ದಿನ ಮಾಡಿದರೂ ಇದರ ಪ್ರಕಾರ ಎಲ್ಲ ಸರಿಯೇ. ಹಾಗಾಗಿ ಇದು ಒಬ್ಬಂಟಿಯಾಗಿ ಸಾಲದು, ಪಕ್ಕದಲ್ಲಿ ಇನ್ನೊಂದು ಎಣಿಕೆ ಬೇಕು.

ಇಳಿಯುವ ಅಂಕ

ಲೂಪ್ ಹ್ಯಾಬಿಟ್ ಟ್ರ್ಯಾಕರ್ ಅನ್ನುವ ಉಚಿತ ಆಂಡ್ರಾಯ್ಡ್ ಆ್ಯಪ್ ಸ್ಟ್ರೀಕಿನ ಜೊತೆಗೆ ಶೇಕಡಾ ಅಂಕವನ್ನೂ ಕೊಡುತ್ತದೆ. ದಿನಾ ಮಾಡುವ ರೂಢಿಗೆ ಅದರ ಲೆಕ್ಕ ಹೀಗೆ:

```
ಮಾಡಿದ ದಿನ:  ಹೊಸ ಅಂಕ = ಹಳೆ ಅಂಕ × 0.948 + 5.2
ತಪ್ಪಿದ ದಿನ:  ಹೊಸ ಅಂಕ = ಹಳೆ ಅಂಕ × 0.948
```

ಸತತ 13 ದಿನ ತಪ್ಪಿದರೆ ಅಂಕ ಅರ್ಧಕ್ಕೆ ಇಳಿಯುತ್ತದೆ. ಒಂದು ತಿಂಗಳು ಬಿಡದೆ ಮಾಡಿದರೆ ಸುಮಾರು 80ಕ್ಕೆ ಏರುತ್ತದೆ. ಅಣ್ಣನ 24 ದಿನಕ್ಕೆ ಸಿಗುವ ಅಂಕ 72. ಮೊದಲ ವಾರದ ಕೊನೆಗೆ 73, ಎರಡನೇ ವಾರ 68, ಜ್ವರದ ಶುಕ್ರವಾರ 52, ಅದೇ ಭಾನುವಾರ 57, ನಾಲ್ಕನೇ ವಾರದ ಕೊನೆಗೆ 62.

ಈ ಐದರಲ್ಲಿ ನಿಜಕ್ಕೆ ಅತಿ ಹತ್ತಿರ ಇರುವ ಚಿತ್ರ ಇದು ಅಂತ ನನಗನಿಸುತ್ತದೆ. ಎರಡು ಮಾರುಕಟ್ಟೆ ದಿನ ತಪ್ಪಿದರೂ ಮೊದಲ ವಾರ ಅಂಕ ನಿಂತಲ್ಲೇ ನಿಂತಿತು. ಜ್ವರ ಕೆಳಗೆ ಎಳೆಯಿತು, ಆದರೆ ನೆಲಕ್ಕೆ ಕೆಡವಲಿಲ್ಲ. ಎದ್ದ ದಿನದ ನಡಿಗೆಗೂ ಬೆಲೆ ಸಿಕ್ಕಿತು. ಕೊರತೆ ಏನೆಂದರೆ, ಅಂಕ ಯಾವತ್ತೂ "ಇವತ್ತು ಏಳು" ಅನ್ನಲ್ಲ. 68ರಿಂದ 65 ಆದರೆ ಯಾರ ಹೊಟ್ಟೆಯೂ ಚುರುಕ್ ಅನ್ನಲ್ಲ. ಸ್ಟ್ರೀಕಿಗೆ ಇರುವ ಎಳೆತ ಇದಕ್ಕಿಲ್ಲ. ವಾರದಲ್ಲಿ ಐದೇ ದಿನ ಮಾಡುವವರು ಇದನ್ನು ದಿನದ ರೂಢಿ ಅಂತ ಇಟ್ಟುಕೊಂಡರೆ ಇನ್ನೊಂದು ಬೇಸರ: ಅಂಕ 72ರ ಸುತ್ತಲೇ ತಿರುಗುತ್ತದೆ, ಮೇಲೆ ಹೋಗಲ್ಲ. ಆ್ಯಪ್‌ನಲ್ಲಿ ವಾರಕ್ಕೆ ಎಷ್ಟು ಸಲ ಅಂತ ಬದಲಿಸಿಕೊಳ್ಳಬೇಕು.

ಆರಿಸುವ ಮೊದಲು ಕೆಲಸವನ್ನೇ ಕೇಳಿ

ಇಲ್ಲಿಯವರೆಗೆ ನೋಡಿದ್ದು ನಿಯಮಗಳನ್ನು. ಆದರೆ ಎಷ್ಟು ದಿನ ತಪ್ಪಿದರೆ ನಿಜವಾಗಿ ನಷ್ಟ ಅನ್ನುವುದನ್ನು ಆ ಕೆಲಸವೇ ಹೇಳಬೇಕು, ಆ್ಯಪ್ ಅಲ್ಲ. ಅಣ್ಣನ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಶುಗರ್ ಇರುವ ಹೆಚ್ಚಿನ ವಯಸ್ಕರಿಗೆ ಕೊಡುವ ಸಲಹೆ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ವ್ಯಾಯಾಮ, ಕನಿಷ್ಠ 3 ದಿನಕ್ಕೆ ಹಂಚಿಕೊಂಡು, ಮಧ್ಯೆ ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಬೇಡ. ಕಾರಣ, ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಪರಿಣಾಮ ಒಂದರಿಂದ ಮೂರು ದಿನದವರೆಗೆ ಇದ್ದು ಆಮೇಲೆ ಇಳಿಯುತ್ತದೆ.

ಇದನ್ನು ಅಣ್ಣನ ಲೆಕ್ಕಕ್ಕೆ ತನ್ನಿ. 30 ನಿಮಿಷದಂತೆ 5 ದಿನ ಅಂದರೆ ಸರಿಯಾಗಿ 150. ಸೋಮವಾರ, ಗುರುವಾರ ಬಿಟ್ಟರೂ ನಡುವಿನ ಬಿಡುವು ಒಂದೊಂದೇ ದಿನ. ಅಂದರೆ ಸೊನ್ನೆ ತೋರಿಸಿದ ಆ ಮೊದಲ ವಾರ, ದೇಹದ ಲೆಕ್ಕದಲ್ಲಿ ಪೂರಾ ಅಂಕದ ವಾರ! ಎರಡನೇ ವಾರ 120 ನಿಮಿಷ, ಸ್ವಲ್ಪ ಕಮ್ಮಿ. ನಿಜವಾಗಿ ಮಿತಿ ದಾಟಿದ್ದು ಜ್ವರದ ವಾರ ಒಂದೇ.

ಹೀಗಾಗಿ ನಾವಿಬ್ಬರೂ ಕೂತು ಗೈರುಗಳನ್ನು ಮೂರು ಪಾಲು ಮಾಡಿದೆವು. ಮೊದಲೇ ಗೊತ್ತಿರುವುದು, ಅಂದರೆ ಮಾರುಕಟ್ಟೆ ದಿನ. ಅದು ಸೀಜನ್ ಮುಗಿಯುವವರೆಗೆ ರಜೆ, ಎಣಿಕೆಗೇ ಬರುವುದಿಲ್ಲ. ಆಕಸ್ಮಿಕ, ಅಂದರೆ ಮದುವೆ, ಮಣ್ಣು, ಊರಿನ ಕೆಲಸ. ಅದಕ್ಕೆ ಉಳಿದ ಐದು ದಿನದಲ್ಲಿ ವಾರಕ್ಕೆ ಒಂದು ಮೀಸಲು. ಬಳಸದಿದ್ದರೆ ಮುಂದಿನ ವಾರಕ್ಕೆ ಸೇರಿಸಿಕೊಳ್ಳುವಂತಿಲ್ಲ, ಸೇರಿಸಿದರೆ ಕೊನೆಗೆ ನಾಲ್ಕೈದು ದಿನ ಒಟ್ಟಿಗೆ ಬಿಡಲು ದಾರಿಯಾಗುತ್ತದೆ. ಮೂರನೆಯದು ಕಾಯಿಲೆ. ಆಗ ಎಣಿಕೆ ನಿಂತಲ್ಲೇ ನಿಲ್ಲುತ್ತದೆ. ಲೂಪ್‌ನಲ್ಲೂ ಇಂಥ ದಿನವನ್ನು ಟಿಕ್ಕೂ ಅಲ್ಲದ, ತಪ್ಪೂ ಅಲ್ಲದ ಗುರುತಿನಿಂದ ದಾಟಿಸಬಹುದು.

ಕಾಯಿಲೆಯ ವಿಷಯದಲ್ಲಿ ಮೋಸ ಸುಲಭ. ಅದಕ್ಕೆ ಒಂದು ಷರತ್ತು ಹಾಕಿದೆವು: ಅಂಗಡಿಗೆ ಹೋಗುವಷ್ಟು ಗಟ್ಟಿ ಇದ್ದ ದಿನ ಕಾಯಿಲೆಯ ರಜೆ ಇಲ್ಲ. ತಲೆನೋವು ಅಂತ ನಡಿಗೆ ಬಿಟ್ಟು ಹಗಲೆಲ್ಲ ಪಟ್ಟಿ ಬರೆದಿದ್ದರೆ ಅದು ಮೀಸಲಿನಿಂದ ಹೋಗಬೇಕು.

ಹೀಗೆ ಎಣಿಸಿದರೆ ಆ ತಿಂಗಳು ಸೊನ್ನೆಗೆ ಬೀಳುವ ದಿನವೇ ಇಲ್ಲ. ಮದುವೆಗೆ ಒಂದು ಮೀಸಲು ಹೋಯಿತು, ಜ್ವರಕ್ಕೆ ಎಣಿಕೆ ನಿಂತಿತು, 24ರಿಂದ ಶುರುವಾದ ಲೆಕ್ಕ 40ಕ್ಕೆ ಬಂತು. ಹಾಗಾದರೆ ಯಾವಾಗ ಸೊನ್ನೆ? ರಜೆಯೂ ಅಲ್ಲ, ಕಾಯಿಲೆಯೂ ಅಲ್ಲದೆ, ಮೀಸಲು ಮುಗಿದ ಮೇಲೆ ಒಂದು ದಿನ ತಪ್ಪಿದರೆ ಹೊಸ ಸಾಲು. ಹಳೇ ಸಾಲಿನ ಸಂಖ್ಯೆಯನ್ನು ಅಳಿಸದೆ ಪಕ್ಕದಲ್ಲಿ ಬರೆದಿಡುತ್ತಾರೆ, ಲೆಕ್ಕದ ಪುಸ್ತಕದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತೆಗೆದುಕೊಂಡು ಹೋದ ಹಾಗೆ. ಈ ನಿಯಮವನ್ನು ತಪ್ಪುವ ಮೊದಲೇ ಬರೆದಿಟ್ಟುಕೊಳ್ಳಬೇಕು. ತಪ್ಪಿದ ರಾತ್ರಿ ಕೂತು ಮಾಡಿದ ನಿಯಮ ಯಾವಾಗಲೂ ನಮ್ಮ ಪರವೇ ಇರುತ್ತದೆ.

ತಪ್ಪಿದ ಮೇಲೆ ಬರುವ ಸಂದೇಶ

ನಿಯಮ ಎಷ್ಟೇ ಚೆನ್ನಾಗಿದ್ದರೂ ಜ್ವರದ ಐದು ದಿನದ ನಂತರ ಚಪ್ಪಲಿ ಹಾಕಿಸೋದು ಅದಲ್ಲ. ಅದಕ್ಕೆ ಬೇರೆ ಒಂದು ಸಾಲು ಬೇಕು, ಮೊಬೈಲಿನ ಅಲಾರಾಂ ಆಗಿ ಬರಬಹುದು, ಬಾಗಿಲ ಹಿಂದೆ ಅಂಟಿಸಿದ ಚೀಟಿಯೂ ಆಗಬಹುದು. ಆ್ಯಪ್‌ಗಳು ಸಾಮಾನ್ಯವಾಗಿ ಕಳಿಸೋದು "ನಿಮ್ಮ ಸ್ಟ್ರೀಕ್ ಕಳೆದುಕೊಂಡಿರಿ" ಅನ್ನುವ ಧಾಟಿಯಲ್ಲಿ, ಅದೂ ರಾತ್ರಿ. ಆ ಹೊತ್ತಿಗೆ ಯಾರೂ ಏನೂ ಮಾಡಲು ಆಗಲ್ಲ, ಮಲಗುವಾಗ ಮನಸ್ಸು ಕೆಡುತ್ತದೆ ಅಷ್ಟೆ.

ಮರುದಿನ, ನಡೆಯುವ ಹೊತ್ತಿಗೆ ಅರ್ಧ ಗಂಟೆ ಮೊದಲು ಬರಬೇಕು. ಕಳೆದದ್ದರ ಮಾತು ಇರಬಾರದು. "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಸಮಯ, ಜಾಗ ಸಮೇತ ಮೊದಲೇ ಬರೆದುಕೊಂಡ ಯೋಜನೆ, ಬರೀ "ಮಾಡಬೇಕು" ಅನ್ನುವ ಸಂಕಲ್ಪಕ್ಕಿಂತ ಜಾಸ್ತಿ ನಡೆಯುತ್ತದೆ ಅನ್ನೋದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಣ್ಣನ ಮೊಬೈಲಿನಲ್ಲಿ ಈಗ ಇರುವ ಸಾಲುಗಳು ಇವು, ಅವರ ಮಾತಿನಲ್ಲೇ:

"ನಿನ್ನೆ ಆಗಿಲ್ಲಂದ್ರ, ಇವತ್ತು ಚಾ ಕುಡದ ಮ್ಯಾಲೆ ಅಗಸಿತನಕ ಹೋಗಿ ಬರೂದು."

"ಆರಾಮ ಇಲ್ದ ಎದ್ದ ಮೊದಲ ದಿನ, ಹತ್ತ ನಿಮಿಷ ಅಷ್ಟ. ಮುಂದಿನ ದಿನ ಹದಿನೈದು."

ಎರಡನೆಯದರಲ್ಲಿ ಮಿತಿ ಇದೆ ನೋಡಿ. ಬಿಟ್ಟ ಐದು ದಿನದ ನಡಿಗೆಯನ್ನು ಒಂದೇ ಸಂಜೆ ತೀರಿಸುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ಒಂದು ಗಂಟೆ ನಡೆದು, ಮರುದಿನ ಮೈಕೈ ನೋವು ಅಂತ ಮತ್ತೆ ಎರಡು ದಿನ ಬಿಡುತ್ತಾರೆ. ಕೆಲವು ಬಗೆಯ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಜ್ವರದ ನಂತರ ಹೀಗೆ ಜಾಸ್ತಿ ನಡೆಯುವುದು ಅಪಾಯವೂ ಹೌದು, ಶುಗರ್ ತೀರಾ ಇಳಿಯಬಹುದು. ಸಂದೇಶ ಕೇಳುವ ಕೆಲಸ ಮಾಮೂಲಿನ ಮೂರನೇ ಒಂದು ಭಾಗ ಇದ್ದರೆ ಸಾಕು, ಅದಕ್ಕೆ ಪೂರ್ತಿ ಟಿಕ್.

ಕಾರಣ ಬರೆಸುವ ಪ್ರಶ್ನೆ ಬೇಕಾದರೆ ಒಂದೇ ಇರಲಿ: ಗೊತ್ತಿದ್ದದ್ದಾ, ಆಕಸ್ಮಿಕವಾ, ಕಾಯಿಲೆಯಾ, ಸುಮ್ನೆ ಬಿಟ್ಟದ್ದಾ? ನಾಲ್ಕನೆಯದನ್ನು ಒತ್ತಲು ಮುಜುಗರ ಆಗಬಾರದು. ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ಸುಮ್ನೆ ಬಿಟ್ಟೆ ಅಂತ ಒಪ್ಪಿಕೊಂಡು ಮುಂದಕ್ಕೆ ಹೋಗೋದು ಸುಳ್ಳು ಟಿಕ್ ಹಾಕೋದಕ್ಕಿಂತ ಎಷ್ಟೋ ವಾಸಿ.

ಒಂದೇ ಸಂದೇಶ ಮೂರು ಸಲ ಬಂದೂ ಉತ್ತರ ಇಲ್ಲ ಅಂದರೆ ದಿನಾ ಬಡಿಯುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಸಾಕು. ನಾಲ್ಕನೆಯ ಸಲ ಜನ ಮಾಡೋದು ನಡಿಗೆಯಲ್ಲ, ನೋಟಿಫಿಕೇಶನ್ ಬಂದ್.

ನಿಯಮ ಹಾಳಾಗಿದೆ ಅಂತ ತಿಳಿಯೋದು ಹೇಗೆ

ಸಡಿಲವಾದರೆ: ಸತತ ನಾಲ್ಕು ವಾರ ಮೀಸಲು ಪೂರ್ತಿ ಖರ್ಚಾಗಿದ್ದರೆ ಅದು ಮೀಸಲು ಅಲ್ಲ, ಗುರಿಯೇ ನಾಲ್ಕು ದಿನದ್ದು. ಹಾಗಂತ ಬರೆದುಕೊಳ್ಳಿ, ಇಲ್ಲವೇ ವಾರದ ಯಾವ ದಿನ ಪದೇ ಪದೇ ಹೋಗುತ್ತಿದೆ ನೋಡಿ ಅದನ್ನು ರಜೆ ಮಾಡಿ. ಬಿಗಿಯಾದರೆ: ರಾತ್ರಿ ಹತ್ತೂಮುಕ್ಕಾಲಿಗೆ ಅಂಗಳದಲ್ಲಿ ಎರಡು ಸುತ್ತು ಹಾಕಿ ಟಿಕ್ ಒತ್ತುತ್ತೀರಿ, ಅಥವಾ ತಪ್ಪಿದ ದಿನ ಆ್ಯಪ್ ತೆರೆಯಲು ಮನಸ್ಸೇ ಬರಲ್ಲ.

ಈ ಲೆಕ್ಕಗಳನ್ನು ಹಾಕಬಾರದ ಕಡೆಯೂ ಇವೆ. ಗುಟ್ಕಾ, ಕುಡಿತ ಬಿಡುವವರಿಗೆ ಮೀಸಲು ದಿನ ಅಂದರೆ ಅನುಮತಿ ಪತ್ರ ಕೊಟ್ಟಂತೆ. ಅಲ್ಲಿ ಜಾರಿದ ಮೇಲೆ ಎದ್ದೇಳುವ ಸಂದೇಶ ಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದರ ಸಮೇತ. ಆದರೆ ಜಾರಲು ಮೊದಲೇ ದಿನ ಎತ್ತಿಡುವಂತಿಲ್ಲ. ಮಾತ್ರೆಯ ವಿಷಯವೂ ಅಷ್ಟೆ. ತಪ್ಪಿದ ಡೋಸಿಗೆ ಡಾಕ್ಟರು ಹೇಳಿದ್ದೇ ನಿಯಮ, ಲೆಕ್ಕ ಸರಿ ಮಾಡಲು ಎರಡು ಒಟ್ಟಿಗೆ ನುಂಗಬಾರದು. ಧಾರವಾಡದಲ್ಲಿ ಸಂಗೀತ ಕಲಿಯುವವರ ರಿಯಾಜಿಗೆ, ಸ್ಪರ್ಧಾ ಪರೀಕ್ಷೆಗೆ ಓದುವವರಿಗೆ ದಿನದ ಸ್ಟ್ರೀಕಿಗಿಂತ ವಾರದ ಗಂಟೆಗಳೇ ಸರಿ ಕಾಣುತ್ತವೆ, ಐದು ನಿಮಿಷ ಪುಸ್ತಕ ತೆರೆದ ದಿನಕ್ಕೂ ಐದು ಗಂಟೆ ಓದಿದ ದಿನಕ್ಕೂ ಅಲ್ಲಿ ಒಂದೇ ಟಿಕ್ ಹಾಕಲಾಗದು.

ಅಣ್ಣನ ನಿಯಮಕ್ಕೆ ಅವಧಿ ಇದೆ. ಆವಕ ಇಳಿದು, ಸೋಮವಾರ ಸಂಜೆ ಬೆಳಕಿರುವಾಗಲೇ ಮನೆಗೆ ಬರತೊಡಗಿದ ವಾರ ಸೋಮವಾರದ ರಜೆ ರದ್ದು, ಗುರುವಾರದ್ದು ಅದರ ಮುಂದಿನ ವಾರ. ಎರಡನ್ನೂ ಒಟ್ಟಿಗೆ ತೆಗೆಯುವುದು ಬೇಡ ಅಂತ ಅವರೇ ಹೇಳಿದರು.